ಬಿಳಿ ಬಟ್ಟೆಗೆ ಯಾವ ಬ್ಲೀಚ್? ರೇಷ್ಮೆ, ಉಣ್ಣೆ, ನೈಲಾನಿಗೆ ಕ್ಲೋರಿನ್ ಯಾಕೆ ಆಗುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದೊಂದು ಸಣ್ಣ ಲಾಂಡ್ರಿ ಇದೆ. ಬಟ್ಟೆ ಕೊಡಲು ಬಂದವರು ಕೌಂಟರಿನಲ್ಲಿ ಕೇಳುತ್ತಾರೆ. ಕೆಲವರು ಫೋನ್ ಮಾಡುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆಯವರು ಬಟ್ಟೆಯ ಗಂಟಿನ ಜೊತೆ ಚೀಟಿ ಬರೆದು ಕಳಿಸುತ್ತಾರೆ. ಅದರಲ್ಲಿ ಬ್ಲೀಚ್ ಬಗ್ಗೆ ಕೇಳುವವರೇ ಜಾಸ್ತಿ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದ್ದು

"ಅಂಗಡೀಲಿ ಎರಡಕ್ಕೂ ಬ್ಲೀಚ್ ಅಂತಾನೇ ಹೇಳ್ತಾರೆ. ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ?"

ಹೆಸರು ನೋಡಬೇಡಿ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ. ಸೋಡಿಯಂ ಹೈಪೋಕ್ಲೋರೈಟ್ ಎಂದಿದ್ದರೆ ಅದು ಕ್ಲೋರಿನ್ ಬ್ಲೀಚ್. ಇದು ನೀರಿನಂತೆ ಇರುತ್ತದೆ, ಸ್ವಲ್ಪ ಹಳದಿ ಬಣ್ಣ, ಮುಚ್ಚಳ ತೆಗೆದ ತಕ್ಷಣ ಈಜುಕೊಳದ ವಾಸನೆ ಬರುತ್ತದೆ. ಮನೆಗೆ ಸಿಗುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ನಾಲ್ಕರಿಂದ ಆರು ಭಾಗ ಹೈಪೋಕ್ಲೋರೈಟ್ ಇರುತ್ತದೆ.

ಸೋಡಿಯಂ ಪರ್‌ಕಾರ್ಬೊನೇಟ್ ಎಂದಿದ್ದರೆ ಆಕ್ಸಿಜನ್ ಬ್ಲೀಚ್. ಇದು ಬಿಳಿ ಪುಡಿ, ವಾಸನೆ ಇಲ್ಲ. ನೀರಿಗೆ ಬಿದ್ದಾಗ ಇದು ಎರಡು ವಸ್ತುವಾಗಿ ಒಡೆಯುತ್ತದೆ: ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ. ಕಲೆ ತೆಗೆಯುವುದು ಪೆರಾಕ್ಸೈಡ್. ಅದಕ್ಕೆ ಚುರುಕು ಕೊಡುವುದು ಸೋಡಾ. ಈ ಸೋಡಾವನ್ನು ನೆನಪಿಡಿ, ರೇಷ್ಮೆಯ ವಿಷಯಕ್ಕೆ ಬಂದಾಗ ಅದು ಮುಖ್ಯವಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇದೇ ಜಾತಿ, ಆದರೆ ಅದರಲ್ಲಿ ಸೋಡಾ ಇರುವುದಿಲ್ಲ.

ಮೂರನೆಯದು ಬ್ಲೀಚಿಂಗ್ ಪೌಡರ್. ಬಾವಿಗೆ, ಚರಂಡಿಗೆ ಹಾಕುವುದು. ಅದೂ ಕ್ಲೋರಿನ್ ಜಾತಿಯೇ, ಆದರೆ ಸುಣ್ಣ ಸೇರಿರುತ್ತದೆ. ಕರಗದೆ ಉಳಿದ ಕಾಳು ಬಟ್ಟೆಯ ಮೇಲೆ ಕೂತರೆ ಅಷ್ಟು ಜಾಗ ಸುಟ್ಟ ಹಾಗೆ ತೂತಾಗುತ್ತದೆ. ಬಟ್ಟೆಗೆ ಅದನ್ನು ಮುಟ್ಟಿಸಲೇಬೇಡಿ.

"ಬಿಳಿ ಕಾಟನ್ ಪಂಚೆ, ಬನಿಯನ್, ಬೆಡ್‌ಶೀಟಿಗೆ ಎರಡರಲ್ಲಿ ಯಾವುದು ಒಳ್ಳೇದು?"

ಕಾಟನ್ನಿಗೆ ಎರಡೂ ನಡೆಯುತ್ತದೆ. ವ್ಯತ್ಯಾಸ ಇರುವುದು ವೇಗದಲ್ಲಿ, ಆಯಸ್ಸಿನಲ್ಲಿ.

ಕ್ಲೋರಿನ್ ತಣ್ಣೀರಿನಲ್ಲೂ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕಡೆ ಬಟ್ಟೆ ವಾರವಾದರೂ ಒಣಗುವುದಿಲ್ಲ, ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ ಅಲ್ವಾ? ಬಿಳಿ ಕಾಟನ್ನಿನ ಮೇಲಿನ ಆ ಚುಕ್ಕೆಗೆ ಕ್ಲೋರಿನ್ನಿನಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನಾನು ಕಂಡಿಲ್ಲ. ಆದರೆ ಪ್ರತಿ ಸಲವೂ ನೂಲನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ. ವಾರ ವಾರ ಹಾಕಿದ ಬನಿಯನ್ ಬೇಗ ಜಾಳಾಗುತ್ತದೆ. ಸೋಪಿನ ಪುಡಿಯಿಂದ ಬಟ್ಟೆಗೆ ಬಂದಿರುವ ಹೊಳಪಿನ ವಸ್ತುವನ್ನೂ ಕ್ಲೋರಿನ್ ಕೆಡಿಸುತ್ತದೆ. ಹಾಗಾಗಿ ಕೆಲವು ಬಟ್ಟೆ ಕಲೆ ಹೋಗಿಯೂ ಮಂಕಾಗಿ ಕಾಣುತ್ತದೆ.

ಆಕ್ಸಿಜನ್ ಬ್ಲೀಚ್ ನಿಧಾನ. ಬಿಸಿನೀರು ಬೇಕು, ಗಂಟೆಗಟ್ಟಲೆ ನೆನೆಯಬೇಕು. ಆದರೆ ನೂಲಿನ ಮೇಲೆ ಮೃದು, ಕಾಫಿ, ಟೀ, ಬೆವರಿನ ಹಳದಿ ಚೆನ್ನಾಗಿ ಬಿಡಿಸುತ್ತದೆ. ನಮ್ಮಲ್ಲಿ ದಿನನಿತ್ಯದ ಬಿಳಿ ಕಾಟನ್ನಿಗೆ ಆಕ್ಸಿಜನ್ ಬಳಸುತ್ತೇವೆ. ಕ್ಲೋರಿನ್ ತೆಗೆಯುವುದು ಬೂಷ್ಟಿಗೆ, ಮತ್ತೆ ಬೇರೆ ಯಾವುದಕ್ಕೂ ಬಗ್ಗದ ಕಲೆಗೆ ಮಾತ್ರ.

"ಆಕ್ಸಿಜನ್ ಪುಡಿ ತಂದು ಹಾಕಿದೆ, ಏನೂ ಆಗಲಿಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?"

ನೀರು ಎಷ್ಟು ಬಿಸಿ ಇತ್ತು ಎಂದು ನಾನು ಮೊದಲು ಕೇಳುತ್ತೇನೆ. ಹೆಚ್ಚಿನವರು ತಣ್ಣೀರಿಗೆ ಹಾಕಿರುತ್ತಾರೆ. ಡಿಸೆಂಬರ್ ಬೆಳಿಗ್ಗೆ ಚಿಕ್ಕಮಗಳೂರಿನ ತೊಟ್ಟಿ ನೀರಿನಲ್ಲಿ ಪರ್‌ಕಾರ್ಬೊನೇಟ್ ಹೆಚ್ಚುಕಡಿಮೆ ಮಲಗಿರುತ್ತದೆ. 40 ಡಿಗ್ರಿ ದಾಟಿದ ಮೇಲೆ ಎದ್ದು ಕೂರುತ್ತದೆ, 60 ಡಿಗ್ರಿಯಲ್ಲಿ ಚೆನ್ನಾಗಿ ದುಡಿಯುತ್ತದೆ.

ಥರ್ಮಾಮೀಟರ್ ಬೇಡ. ಒಂದು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಹತ್ತಿರ ಹತ್ತಿರ 60 ಡಿಗ್ರಿ ಆಗುತ್ತದೆ. ಮನೆಯಲ್ಲಿ ಹಂಡೆ ಒಲೆ ಇರುವವರಿಗೆ ಇದು ಇನ್ನೂ ಸುಲಭ. ಹತ್ತು ಲೀಟರಿಗೆ ಎರಡು ದೊಡ್ಡ ಚಮಚ ಪುಡಿ ಹಾಕಿ, ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಿ. ಸಣ್ಣ ಸಣ್ಣ ಗುಳ್ಳೆ ಏಳಬೇಕು. ಒಂದು ಗಂಟೆಯಿಂದ ಆರು ಗಂಟೆವರೆಗೆ ಬಿಡಬಹುದು. ಅದಾದ ಮೇಲೆ ನೀರಿನಲ್ಲಿ ಸೋಡಾ ಮಾತ್ರ ಉಳಿದಿರುತ್ತದೆ, ಕಾದು ಪ್ರಯೋಜನ ಇಲ್ಲ.

ಬಿಸಿನೀರಿಗೆ ಹಾಕಿಯೂ ಗುಳ್ಳೆ ಬರದಿದ್ದರೆ ಪುಡಿ ಸತ್ತಿದೆ ಎಂದು ಅರ್ಥ. ಮಳೆಗಾಲದ ತೇವ ಡಬ್ಬಿಯೊಳಗೆ ಹೋಗಿರುತ್ತದೆ. ಪುಡಿಯನ್ನು ಒಣಗಿದ ಡಬ್ಬಿಯಲ್ಲಿ ಇಡಿ, ಒಣಗಿದ ಚಮಚದಿಂದಲೇ ತೆಗೆಯಿರಿ. ಕಲಸಿದ ನೀರನ್ನು ಮಾತ್ರ ಬಾಟಲಿಯಲ್ಲಿ ಮುಚ್ಚಿಡಬೇಡಿ. ಒಳಗೆ ಗಾಳಿ ತುಂಬಿ ಬಾಟಲಿ ಸಿಡಿಯುತ್ತದೆ.

"ಕ್ಲೋರಿನ್ ಬ್ಲೀಚ್ ಎಷ್ಟು ಹಾಕಬೇಕು? ಎಷ್ಟು ಹೊತ್ತು ಬಿಡಬೇಕು?"

ಬಿಳಿ ಕಾಟನ್ನಿಗೆ ಹತ್ತು ಲೀಟರ್ ತಣ್ಣೀರಿಗೆ 60 ಮಿಲಿ ಸಾಕು. ಮೊದಲು ನೀರು, ಆಮೇಲೆ ಬ್ಲೀಚ್, ಕಲಕಿದ ಮೇಲೆ ಬಟ್ಟೆ. ಹತ್ತು ನಿಮಿಷ ಆದ ಮೇಲೆ ತೆಗೆದು ಮೂರು ನೀರಿನಲ್ಲಿ ಜಾಲಿಸಿ. ಬಟ್ಟೆಯ ಮೇಲೆ ನೇರವಾಗಿ ಸುರಿದರೆ ಸುರಿದ ಜಾಗ ಮೊದಲು ಬೆಳ್ಳಗಾಗಿ ಕಾಣುತ್ತದೆ, ನಾಲ್ಕು ಒಗೆತದ ನಂತರ ಅಲ್ಲೇ ಹರಿಯುತ್ತದೆ.

ರಾತ್ರಿಯಿಡೀ ನೆನೆಸುವುದು ದೊಡ್ಡ ತಪ್ಪು. ಹತ್ತು ನಿಮಿಷದಲ್ಲಿ ಹೋಗದ ಕಲೆ ಹತ್ತು ಗಂಟೆಯಲ್ಲೂ ಹೋಗುವುದು ಅಪರೂಪ. ಆದರೆ ನೂಲು ಹೋಗುತ್ತದೆ.

## ರೇಷ್ಮೆ, ಉಣ್ಣೆ, ನೈಲಾನ್

"ಮದುವೆ ರೇಷ್ಮೆ ಪಂಚೆಗೆ ಅರಿಶಿನ ಆಗಿತ್ತು. ಬ್ಲೀಚಲ್ಲಿ ನೆನೆಸಿದ್ರೆ ಬಿಳಿ ಆಗೋ ಬದಲು ಇನ್ನೂ ಹಳದಿ ಆಯ್ತು. ಯಾಕಣ್ಣ?"

ಈ ಪ್ರಶ್ನೆ ಮದುವೆ ಕಾಲದಲ್ಲಿ ಬರದ ವರ್ಷವೇ ಇಲ್ಲ. ಒಂದು ಮನೆಯವರು ತಂದದ್ದನ್ನು ಪೂರ್ತಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಎಲ್ಲವೂ ಇದೆ.

ಕೆನೆ ಬಣ್ಣದ ರೇಷ್ಮೆ ಪಂಚೆ ಮತ್ತು ಶಲ್ಯ, ಜರಿ ಅಂಚು. ಒಂದೇ ಸಲ ಉಟ್ಟದ್ದು. ಶಾಸ್ತ್ರದ ಅರಿಶಿನ ಮುಂಭಾಗದಲ್ಲಿ ಅಂಗೈಯಗಲ ಅಂಟಿತ್ತು. ಮನೆಯವರು ಅದನ್ನು ಮೂರು ಬನಿಯನ್, ಒಂದು ಕಾಟನ್ ಪಂಚೆಯ ಜೊತೆ ಬಕೆಟ್ಟಿಗೆ ಹಾಕಿದರು. ನೀರು ಎಂಟು ಲೀಟರ್ ಇರಬಹುದು. ಅರ್ಧ ಲೀಟರಿನ ಬ್ಲೀಚ್ ಬಾಟಲಿಯಲ್ಲಿ ಅರ್ಧ ಸುರಿದರು. ಅಂದರೆ 250 ಮಿಲಿ. ನಾನು ಕಾಟನ್ನಿಗೆ ಹೇಳುವ ಅಳತೆಯ ಐದು ಪಟ್ಟು. ರಾತ್ರಿ ಒಂಬತ್ತಕ್ಕೆ ನೆನೆಸಿ ಬೆಳಿಗ್ಗೆ ಏಳಕ್ಕೆ ತೆಗೆದರು. ಹತ್ತು ನಿಮಿಷದ ಬದಲು ಹತ್ತು ಗಂಟೆ.

ಬೆಳಿಗ್ಗೆ ಬನಿಯನ್‌ಗಳು ಬೆಳ್ಳಗಿದ್ದವು. ರೇಷ್ಮೆ ಪಂಚೆಯಲ್ಲಿ ಅರಿಶಿನದ ಕಲೆ ಕಾಣಲಿಲ್ಲ, ಆದರೆ ಇಡೀ ಬಟ್ಟೆ ಹಳೆ ಪೇಪರಿನ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಲೋಳೆ ಹಿಡಿದಂತೆ ಜಾರುತ್ತಿತ್ತು. ನೀರಿನಿಂದ ಎತ್ತುವಾಗಲೇ ಮಡಿಕೆಯ ಗೆರೆಯಲ್ಲಿ ಪರ್ ಎಂದು ಹರಿಯಿತು. ಜರಿ ಕಪ್ಪಾಗಿತ್ತು.

ಈ ನಾಲ್ಕಕ್ಕೂ ಬೇರೆ ಬೇರೆ ಕಾರಣ. ಹಳದಿ ಬಣ್ಣ ಹೊರಗಿನಿಂದ ಅಂಟಿದ್ದಲ್ಲ, ರೇಷ್ಮೆಯೇ ಹಳದಿಯಾದದ್ದು. ರೇಷ್ಮೆಯ ಪ್ರೋಟೀನಿನಲ್ಲಿ ಟೈರೋಸಿನ್ ಎಂಬ ಅಂಶ ಧಾರಾಳವಾಗಿದೆ, ಅದು ಕ್ಲೋರಿನ್ನಿಗೆ ಸಿಕ್ಕಿ ಬಣ್ಣದ ವಸ್ತುವಾಗಿ ಮಾರ್ಪಡುತ್ತದೆ. ಹಾಗಾಗಿ ಇನ್ನಷ್ಟು ಬ್ಲೀಚ್ ಹಾಕಿದಷ್ಟೂ ಕೆಡುವುದು ಜಾಸ್ತಿಯಾಗುತ್ತದೆ. ಲೋಳೆ ಎಂದರೆ ಎಳೆಯ ಮೇಲ್ಮೈ ಕರಗಲು ಶುರುವಾದ ಗುರುತು. ಹರಿದದ್ದು ಎಳೆಯೊಳಗಿನ ಸರಪಳಿ ತುಂಡಾದದ್ದರಿಂದ. ಜರಿಯ ಲೋಹಕ್ಕೂ ಕ್ಲೋರಿನ್ ಆಗಿಬರುವುದಿಲ್ಲ.

ಪಂಚೆ ಪೂರ್ತಿ ಕರಗಿಹೋಗಲಿಲ್ಲ. ಅದಕ್ಕೂ ಕಾರಣವಿದೆ. ಬಕೆಟ್ಟಿನಲ್ಲಿದ್ದ ಹೈಪೋಕ್ಲೋರೈಟ್ ಸುಮಾರು ಹತ್ತರಿಂದ ಹದಿನೈದು ಗ್ರಾಂ ಮಾತ್ರ. ರೇಷ್ಮೆಯನ್ನು ಕಡಿಯುತ್ತಾ ಕಡಿಯುತ್ತಾ ಅದೇ ಖರ್ಚಾಗಿಹೋಯಿತು. ಬಾಟಲಿಯ ಬ್ಲೀಚನ್ನೇ ನೀರು ಬೆರೆಸದೆ ಹಾಕಿದ್ದರೆ ಬೆಳಿಗ್ಗೆ ಪಂಚೆಯಲ್ಲಿ ಜರಿ ಬಿಟ್ಟು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಆ ಪಂಚೆಯನ್ನು ನಾನು ಸರಿ ಮಾಡಲಿಲ್ಲ, ಮಾಡಲು ಆಗುವುದೂ ಇಲ್ಲ. ಅರಿಶಿನಕ್ಕೆ ಅಷ್ಟು ಕಷ್ಟ ಪಡಬೇಕಾಗಿಯೂ ಇರಲಿಲ್ಲ. ಅದರ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೆಲ್ಲಗೆ ತೊಳೆದು, ಕಲೆಯ ಭಾಗಕ್ಕೆ ಮಾತ್ರ ಬೆಳಗಿನ ಎಳೆ ಬಿಸಿಲು ತೋರಿಸಿದ್ದರೆ ಎರಡು ಮೂರು ಸಲಕ್ಕೆ ಬಹಳಷ್ಟು ತಿಳಿಯಾಗುತ್ತಿತ್ತು. ಸೋಪು ಹಾಕಿದಾಗ ಅರಿಶಿನ ಕೆಂಪಾಗುತ್ತದೆ. ಅದನ್ನು ಕಂಡು ಗಾಬರಿಯಾಗಿ ಬ್ಲೀಚ್ ಬಾಟಲಿಗೆ ಕೈ ಹಾಕುವವರು ತುಂಬ ಜನ. ಸೋಪಿನ ಕ್ಷಾರಕ್ಕೆ ಅದು ಕೆಂಪಾಗುವುದು ಸಹಜ, ಜಾಲಿಸಿದ ಮೇಲೆ ಮತ್ತೆ ಹಳದಿಗೆ ಬರುತ್ತದೆ.

"ಒಂದೇ ಬಕೆಟ್ಟು, ಒಂದೇ ನೀರು. ಕಾಟನ್‌ಗೆ ಏನೂ ಆಗಲಿಲ್ಲ, ರೇಷ್ಮೆ ಹಾಳಾಯ್ತು. ಹೇಗೆ ಸಾಧ್ಯ?"

ಎರಡೂ ನೂಲೇ, ಆದರೆ ಒಳಗಿನ ಕಟ್ಟು ಬೇರೆ. ಮಲ್ಲಿಗೆ ದಂಡೆಯನ್ನು ನೆನೆಸಿಕೊಳ್ಳಿ. ಹೂವು ಹೂವನ್ನು ಹಿಡಿದಿಡುವುದು ನಡುವಿನ ಗಂಟು. ನೂಲಿನ ಎಳೆಯೂ ಹಾಗೇ, ಸಣ್ಣ ಸಣ್ಣ ಘಟಕಗಳು ಸಾಲಾಗಿ ಗಂಟು ಹಾಕಿಕೊಂಡ ಉದ್ದದ ದಂಡೆ.

ಕಾಟನ್ ಎಂದರೆ ಸೆಲ್ಯುಲೋಸ್. ಅದರ ಘಟಕಗಳು ಸಕ್ಕರೆ ಜಾತಿಯವು. ಅವುಗಳ ನಡುವಿನ ಗಂಟನ್ನು ಹಾಕಿರುವುದು ಆಮ್ಲಜನಕ. ಸಾರಜನಕ ಅದರಲ್ಲಿ ಇಲ್ಲವೇ ಇಲ್ಲ. ರೇಷ್ಮೆಯ ಗಂಟಿಗೆ ಅಮೈಡ್ ಎಂದು ಹೆಸರು. ಅದರಲ್ಲಿ ಸಾರಜನಕ ಇದೆ, ಸಾರಜನಕಕ್ಕೆ ಒಂದು ಹೈಡ್ರೋಜನ್ ಜೋತುಬಿದ್ದಿದೆ. ಕ್ಲೋರಿನ್ ಬ್ಲೀಚಿಗೆ ಬೇಕಾದದ್ದೇ ಆ ಜಾಗ. ಹೈಡ್ರೋಜನ್ನನ್ನು ತಳ್ಳಿ ತಾನು ಕೂರುತ್ತದೆ. ಹೀಗೆ ಆದದ್ದಕ್ಕೆ ಕ್ಲೋರಮೈನ್ ಎನ್ನುತ್ತಾರೆ. ಕ್ಲೋರಮೈನ್ ಆದ ಗಂಟು ಗಟ್ಟಿ ಇರುವುದಿಲ್ಲ, ಬೇಗ ಒಡೆಯುತ್ತದೆ. ದಂಡೆ ಅಲ್ಲಲ್ಲಿ ತುಂಡಾಗುತ್ತದೆ. ತುಂಡು ಚಿಕ್ಕದಾದಷ್ಟೂ ಎಳೆಗೆ ಬಲ ಕಡಿಮೆ, ತೀರಾ ಚಿಕ್ಕದಾದರೆ ನೀರಿಗೇ ಕರಗಿಹೋಗುತ್ತದೆ.

ಇದರ ಜೊತೆಗೆ ಬ್ಲೀಚ್ ಬಾಟಲಿಯೊಳಗಿನ ನೀರು ಬಲವಾದ ಕ್ಷಾರ. ಬೇಗ ಕೆಡದಿರಲಿ ಎಂದು ಹಾಗೆ ಮಾಡಿರುತ್ತಾರೆ. ಕಾಟನ್ ಕ್ಷಾರವನ್ನು ತಡೆಯುತ್ತದೆ. ಮಡಿವಾಳರು ಹಿಂದಿನಿಂದ ಸೋಡಾ ಹಾಕಿ ಉಬ್ಬೆಯಲ್ಲಿ ಬೇಯಿಸಿದ್ದು ಕಾಟನ್ನನ್ನೇ. ರೇಷ್ಮೆಯನ್ನು ಯಾರೂ ಉಬ್ಬೆಗೆ ಹಾಕುತ್ತಿರಲಿಲ್ಲ, ಅದಕ್ಕೆ ಅಂಟುವಾಳ. ಆ ಭೇದ ಇಲ್ಲಿಗೂ ಸರಿಯಾಗಿ ಹೊಂದುತ್ತದೆ.

"ಉಣ್ಣೆ ಸ್ವೆಟರ್ ಇಷ್ಟು ದಪ್ಪ ಇರುತ್ತೆ. ಸ್ವಲ್ಪ ಹೊತ್ತು ಇಟ್ರೆ ಏನಾಗುತ್ತೆ?"

ದಪ್ಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಉಣ್ಣೆಗೆ ರೇಷ್ಮೆಗಿಂತ ಜಾಸ್ತಿ ಅಪಾಯ. ರೇಷ್ಮೆಯಲ್ಲಿರುವ ಅಮೈಡ್ ಗಂಟು ಉಣ್ಣೆಯಲ್ಲೂ ಇದೆ. ಜೊತೆಗೆ ಪಕ್ಕಪಕ್ಕದ ದಂಡೆಗಳನ್ನು ಒಂದಕ್ಕೊಂದು ಕಟ್ಟಿರುವ ಗಂಧಕದ ಅಡ್ಡಕಟ್ಟು ಇದೆ, ಏಣಿಯ ಮೆಟ್ಟಿಲ ಹಾಗೆ. ಉಣ್ಣೆ ಎಳೆದರೆ ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವುದರಲ್ಲಿ ಇವುಗಳ ಪಾಲು ದೊಡ್ಡದು. ಕ್ಲೋರಿನ್ ಆ ಮೆಟ್ಟಿಲನ್ನೂ ಕಡಿಯುತ್ತದೆ, ಕ್ಷಾರವೂ ಕಡಿಯುತ್ತದೆ.

ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ಹಳೆಯ ಶುದ್ಧ ಉಣ್ಣೆ ಸ್ವೆಟರಿನಿಂದ ಬೆರಳುದ್ದ ನೂಲು ತೆಗೆಯಿರಿ. ಗಾಜಿನ ಲೋಟದಲ್ಲಿ ಎರಡು ಚಮಚ ಹೊಸ ಬ್ಲೀಚ್ ನೀರು ಬೆರೆಸದೆ ಹಾಕಿ, ಕಿಟಕಿ ತೆರೆದು, ನೂಲನ್ನು ಬಿಡಿ. ನೂಲಿನ ಸುತ್ತ ಗುಳ್ಳೆ ಏಳುತ್ತದೆ. ನೂಲು ಹಳದಿಯಾಗಿ ಊದುತ್ತದೆ, ಆಮೇಲೆ ಕರಗಿ ಕಾಣದಾಗುತ್ತದೆ. ಪಕ್ಕದ ಲೋಟದಲ್ಲಿ ಕಾಟನ್ ನೂಲು ಹಾಕಿಟ್ಟರೆ ಅದು ಹಾಗೇ ಬಿದ್ದಿರುತ್ತದೆ. ಪ್ರಯೋಗಾಲಯದವರೂ ಉಣ್ಣೆ–ಕಾಟನ್ ಮಿಶ್ರಣದ ಬಟ್ಟೆಯಲ್ಲಿ ಯಾವುದು ಎಷ್ಟಿದೆ ಎಂದು ಅಳೆಯಲು ಇದೇ ಗುಣವನ್ನು ಬಳಸುತ್ತಾರೆ. ಹೈಪೋಕ್ಲೋರೈಟಿನಲ್ಲಿ ಉಣ್ಣೆ ಕರಗಿಸಿ, ಉಳಿದ ಕಾಟನ್ನನ್ನು ತೂಗುತ್ತಾರೆ. ಮನೆಯಲ್ಲಿ ಮಾಡಿದರೆ ಕೈಗೆ ಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

"ನೈಲಾನ್ ಪ್ಲಾಸ್ಟಿಕ್ ತಾನೇ? ಪಾಲಿಯೆಸ್ಟರ್‌ಗೆ ಆಗುತ್ತೆ ಅಂದ್ರೆ ನೈಲಾನ್‌ಗೂ ಆಗಬೇಕಲ್ವಾ?"

ಹೀಗೆ ಅಂದುಕೊಳ್ಳುವುದರಿಂದಲೇ ಸ್ಕೂಲ್ ಮಕ್ಕಳ ಬಿಳಿ ಸಾಕ್ಸ್ ಹಳದಿಯಾಗುವುದು. ಎರಡನ್ನೂ ಕಾರ್ಖಾನೆಯಲ್ಲಿ ಮಾಡುತ್ತಾರೆ ಎಂಬುದು ನಿಜ. ಆದರೆ ಕ್ಲೋರಿನ್ ನೋಡುವುದು ಗಂಟನ್ನು ಮಾತ್ರ. ಪಾಲಿಯೆಸ್ಟರಿನ ಗಂಟಿನಲ್ಲಿ ಸಾರಜನಕ ಇಲ್ಲ. ನೈಲಾನಿನ ಗಂಟು ರೇಷ್ಮೆಯದ್ದೇ ಅಮೈಡ್. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ನೈಲಾನ್ ಮಾಡಿತು. ಮುಂದೆ ಅದು ಮಾರುಕಟ್ಟೆಗೆ ಬಂದದ್ದು ರೇಷ್ಮೆ ಕಾಲುಚೀಲದ ಜಾಗಕ್ಕೆ. ರೇಷ್ಮೆಯ ಗುಣದ ಜೊತೆ ರೇಷ್ಮೆಯ ಈ ದೌರ್ಬಲ್ಯವೂ ಬಂದಿದೆ.

ಒಂದು ವ್ಯತ್ಯಾಸ ಇದೆ. ನೈಲಾನಿನ ಎಳೆ ಒತ್ತಾಗಿರುತ್ತದೆ, ನೀರನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಆದ್ದರಿಂದ ಉಣ್ಣೆಯ ಹಾಗೆ ಕಣ್ಣೆದುರೇ ಕರಗುವುದಿಲ್ಲ. ಹಾನಿ ನಿಧಾನಕ್ಕೆ ಕಾಣುತ್ತದೆ. ಮೊದಲು ಹಳದಿ ಛಾಯೆ, ಆಮೇಲೆ ಒರಟು, ಆಮೇಲೆ ಹಿಮ್ಮಡಿಯಲ್ಲಿ ತೂತು. ಜನ ಅದನ್ನು ಸಾಕ್ಸ್ ಹಳೆಯದಾಯಿತು ಎಂದುಕೊಳ್ಳುತ್ತಾರೆ, ಬ್ಲೀಚಿನ ಮೇಲೆ ಅನುಮಾನವೇ ಬರುವುದಿಲ್ಲ.

ಹಿಗ್ಗುವ ಬಟ್ಟೆಯ ವಿಷಯವೂ ಹೀಗೇ. ಸಾಕ್ಸಿನ ಅಂಚು, ಬ್ರಾ ಪಟ್ಟಿ, ಲೆಗ್ಗಿಂಗ್ಸ್, ಇವುಗಳಲ್ಲಿರುವ ಸ್ಪ್ಯಾಂಡೆಕ್ಸಿನಲ್ಲೂ ಸಾರಜನಕದ ಗಂಟಿದೆ. ಲೇಬಲಿನಲ್ಲಿ ಕಾಟನ್ 95, ಸ್ಪ್ಯಾಂಡೆಕ್ಸ್ 5 ಎಂದಿದ್ದರೆ ಆ ಐದು ಭಾಗಕ್ಕೋಸ್ಕರ ಕ್ಲೋರಿನ್ ಬಿಡಿ. ಕಾಟನ್ ಉಳಿದರೂ ಹಿಗ್ಗುವ ಗುಣ ಹೋದ ಮೇಲೆ ಬಟ್ಟೆ ಜೋತುಬೀಳುತ್ತದೆ.

"ಲೇಬಲ್ ಕಿತ್ತುಹೋಗಿದೆ. ರೇಷ್ಮೆನೋ ಪಾಲಿಯೆಸ್ಟರೋ ಅಂತ ಹೇಗೆ ಹೇಳೋದು?"

ಒಳ ಹೊಲಿಗೆಯಿಂದ ಒಂದೆರಡು ಎಳೆ ಎಳೆದು, ಇಕ್ಕಳದಲ್ಲಿ ಹಿಡಿದು ಬೆಂಕಿ ಮುಟ್ಟಿಸಿ. ಪಕ್ಕದಲ್ಲಿ ನೀರಿರಲಿ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಕರಿ ಉಂಡೆಯನ್ನು ಹಿಚುಕಿದರೆ ಪುಡಿಯಾಗುತ್ತದೆ. ಕಾಟನ್ ಪೇಪರಿನ ಹಾಗೆ ಉರಿದು ಮೆತ್ತನೆ ಬೂದಿ ಬಿಡುತ್ತದೆ. ನೈಲಾನ್, ಪಾಲಿಯೆಸ್ಟರ್ ಎರಡೂ ಕರಗಿ ಗಟ್ಟಿ ಮಣಿಯಾಗುತ್ತವೆ. ಇವೆರಡನ್ನು ಬೇರೆ ಮಾಡುವುದು ಮನೆಯಲ್ಲಿ ಕಷ್ಟ, ಹಾಗಾಗಿ ಮಣಿಯಾದರೆ ನೈಲಾನ್ ಎಂದೇ ತಿಳಿದು ಕ್ಲೋರಿನ್ ಹಾಕಬೇಡಿ.

ಲೇಬಲ್ ಇದ್ದರೆ ತ್ರಿಕೋನ ಹುಡುಕಿ. ಖಾಲಿ ತ್ರಿಕೋನ ಇದ್ದರೆ ಯಾವ ಬ್ಲೀಚಾದರೂ ಸರಿ. ಒಳಗೆ ಎರಡು ಓರೆ ಗೆರೆ ಇದ್ದರೆ ಆಕ್ಸಿಜನ್ ಜಾತಿ ಮಾತ್ರ. ತ್ರಿಕೋನದ ಮೇಲೆ ಅಡ್ಡಗೀಟು ಹೊಡೆದಿದ್ದರೆ ಯಾವುದೂ ಬೇಡ.

"ಹಾಗಾದ್ರೆ ರೇಷ್ಮೆ, ಉಣ್ಣೆಗೆ ಆಕ್ಸಿಜನ್ ಪುಡಿ ಹಾಕಬಹುದು ಅಂತಾಯ್ತು, ಅಲ್ವಾ?"

ಇಲ್ಲ. ಇಲ್ಲೇ ತುಂಬ ಜನ ಎಡವುತ್ತಾರೆ. ಮೊದಲು ಹೇಳಿದ ಸೋಡಾ ನೆನಪಿದೆಯಲ್ಲ? ಪುಡಿಯಲ್ಲಿರುವ ಪೆರಾಕ್ಸೈಡನ್ನು ರೇಷ್ಮೆ ಸಹಿಸುತ್ತದೆ, ಸೋಡಾವನ್ನು ಸಹಿಸುವುದಿಲ್ಲ. ಬಿಸಿನೀರು ಸೇರಿದರೆ ಇನ್ನೂ ಕಷ್ಟ. ಕ್ಲೋರಿನ್ನಿನಷ್ಟು ಬೇಗ ಹಾಳಾಗದಿದ್ದರೂ ಹೊಳಪು ಹೋಗುತ್ತದೆ, ಉಣ್ಣೆ ಗಟ್ಟಿಯಾಗಿ ಕುಗ್ಗುತ್ತದೆ.

ಜರಿ ಇಲ್ಲದ, ಬಣ್ಣ ಇಲ್ಲದ ರೇಷ್ಮೆ ಹಳದಿಯಾಗಿದ್ದರೆ ನಾವು ಮಾಡುವುದು ಹೀಗೆ. ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್, ನೂರಕ್ಕೆ ಆರು ಭಾಗದ್ದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಉಗುರು ಬೆಚ್ಚಗಿನ ನೀರು ಐದು ಲೀಟರ್, ಅದಕ್ಕೆ ಅರ್ಧ ಲೀಟರ್ ಪೆರಾಕ್ಸೈಡ್. ಪೆರಾಕ್ಸೈಡ್ ಒಂದೇ ಇದ್ದರೆ ತೀರಾ ನಿಧಾನ, ಆದ್ದರಿಂದ ಒಂದು ಚಿಕ್ಕ ಚಮಚ ಅಡುಗೆ ಸೋಡಾ. ವಾಷಿಂಗ್ ಸೋಡಾ ಅಲ್ಲ, ಅಡುಗೆ ಸೋಡಾ. ಅದರ ಕ್ಷಾರ ತುಂಬ ಸೌಮ್ಯ. ಬಟ್ಟೆ ಪೂರ್ತಿ ಮುಳುಗಿರಬೇಕು, ಆಗಾಗ ತಿರುವಬೇಕು. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ, ಎರಡು ಗಂಟೆ ದಾಟಿಸಬೇಡಿ. ಚೆನ್ನಾಗಿ ಜಾಲಿಸಿ, ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಕ್ಷಾರ ಹೋಗಿ ಹೊಳಪು ಉಳಿಯುತ್ತದೆ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ.

ಮೊದಲು ಒಳ ಅಂಚಿನ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಲೇಬೇಕು. ಜರಿ ಇದ್ದರೆ ಈ ದಾರಿಯೂ ಬೇಡ. ಲೋಹ ತಗುಲಿದ ಕಡೆ ಪೆರಾಕ್ಸೈಡ್ ಒಮ್ಮೆಗೇ ಒಡೆದು ಅಲ್ಲಿನ ಎಳೆಯನ್ನು ಕಡಿಯುತ್ತದೆ. ಅಜ್ಜಿಯ ಕಾಲದ ಬಟ್ಟೆಯಾದರೆ ಹಳದಿಯೊಂದಿಗೇ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ರೇಷ್ಮೆಯ ಸಹಜ ಬಣ್ಣವೇ ಕೆನೆ, ಅದನ್ನು ಪೇಪರಿನಷ್ಟು ಬೆಳ್ಳಗೆ ಮಾಡಲು ಹೋಗಬಾರದು.

"ಗೊತ್ತಿಲ್ಲದೆ ರೇಷ್ಮೆ ಮೇಲೆ ಬ್ಲೀಚ್ ಬಿತ್ತು. ಈಗಲೇ ಏನು ಮಾಡಲಿ?"

ಫೋನಿನಲ್ಲಿ ಇದನ್ನು ಕೇಳುವವರಿಗೆ ನಾನು ಮೊದಲು ಹೇಳುವುದು, ಮಾತು ಆಮೇಲೆ, ನಲ್ಲಿ ತಿರುಗಿಸಿ. ಹರಿಯುವ ತಣ್ಣೀರಿನಡಿ ಐದು ನಿಮಿಷ ಹಿಡಿಯಿರಿ. ಉಜ್ಜಬೇಡಿ. ಆಮೇಲೆ ಒಂದು ಮಗ್ ನೀರಿಗೆ ನಾಲ್ಕು ಚಮಚ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಆ ಜಾಗವನ್ನು ಅದ್ದಿ. ಉಳಿದಿರುವ ಹೈಪೋಕ್ಲೋರೈಟ್ ಪೆರಾಕ್ಸೈಡ್ ಜೊತೆ ಸೇರಿ ಉಪ್ಪು, ನೀರು, ಆಮ್ಲಜನಕವಾಗಿ ಮುಗಿದುಹೋಗುತ್ತದೆ. ಹಳೆ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಕೂಡ ಇದೇ ಕೆಲಸ ಮಾಡುತ್ತದೆ. ಇದು ಮುಂದಿನ ಹಾನಿಯನ್ನು ನಿಲ್ಲಿಸುತ್ತದೆ ಅಷ್ಟೇ. ಒಡೆದ ಗಂಟು ಮತ್ತೆ ಕೂಡುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

"ಎರಡೂ ಬ್ಲೀಚ್ ಒಟ್ಟಿಗೆ ಹಾಕಿದ್ರೆ ಡಬಲ್ ಕೆಲಸ ಆಗಲ್ವಾ?"

ಆಗುವುದಿಲ್ಲ. ಮೇಲೆ ಹೇಳಿದ ಹಾಗೆ ಅವು ಒಂದನ್ನೊಂದು ಮುಗಿಸಿಬಿಡುತ್ತವೆ. ಬಕೆಟ್ ಜೋರಾಗಿ ನೊರೆಯುತ್ತದೆ, ಆದರೆ ಬಟ್ಟೆಗೆ ಏನೂ ಸಿಗುವುದಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಕ್ಲೋರಿನ್ ಬ್ಲೀಚಿಗೆ ನಿಂಬೆರಸ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ, ಪ್ರಾಣಕ್ಕೇ ಕುತ್ತು. ಕಣ್ಣು ಉರಿ, ಗಂಟಲು ಹಿಡಿದಂತಾದರೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಮಗು ಉಚ್ಚೆ ಮಾಡಿದ ಬಟ್ಟೆಯನ್ನೂ ಮೊದಲು ನೀರಲ್ಲಿ ಜಾಲಿಸಿ ಆಮೇಲೆ ಬ್ಲೀಚಿಗೆ ಹಾಕಿ. ಉಚ್ಚೆಯಲ್ಲಿರುವ ಅಮೋನಿಯಾ ಜೊತೆ ಸೇರಿದರೂ ಕೆಟ್ಟ ಹೊಗೆ ಏಳುತ್ತದೆ.

"ಬೋರ್‌ವೆಲ್ ನೀರಲ್ಲಿ ಬ್ಲೀಚ್ ಹಾಕಿದ್ರೆ ಬಿಳಿ ಬಟ್ಟೆಗೆ ಕೆಂಪು ಹತ್ತುತ್ತೆ. ಬ್ಲೀಚ್ ಕಲಬೆರಕೆಯಾ?"

ಬ್ಲೀಚ್ ಸರಿಯಾಗಿಯೇ ಇರುತ್ತದೆ, ನೀರಿನಲ್ಲಿ ಕಬ್ಬಿಣ ಇದೆ. ಬೋರಿನಿಂದ ಬಂದಾಗ ಅದು ಕರಗಿದ ರೂಪದಲ್ಲಿದ್ದು ನೀರು ತಿಳಿಯಾಗಿ ಕಾಣುತ್ತದೆ. ಕ್ಲೋರಿನ್ ತಗುಲಿದ ಕೂಡಲೇ ತುಕ್ಕಾಗಿ ನೂಲಿನ ಮೇಲೆ ಕೂರುತ್ತದೆ. ಪರೀಕ್ಷೆ ಸುಲಭ. ಬಿಳಿ ಮಗ್ಗಿನಲ್ಲಿ ನೀರು ಹಿಡಿದು ಅರ್ಧ ಚಮಚ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಡಿ. ನೀರು ಹಳದಿ ಅಥವಾ ಕಂದು ಆದರೆ ಆ ನೀರಿನಲ್ಲಿ ಕ್ಲೋರಿನ್ ಬ್ಲೀಚ್ ಬೇಡ, ಮಳೆನೀರು ಅಥವಾ ಬಾವಿ ನೀರು ಬಳಸಿ.

ಆಗಲೇ ಹತ್ತಿದ ತುಕ್ಕಿನ ಕಲೆಗೆ ಮತ್ತೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಕಾಟನ್ ಆದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಡಿ. ಬ್ಲೀಚಿನ ವಾಸನೆ ಪೂರ್ತಿ ಹೋಗುವಷ್ಟು ಜಾಲಿಸಿದ ಮೇಲೆ ಮಾತ್ರ ನಿಂಬೆ ಹಚ್ಚಿ.

"ಉಣ್ಣೆ ಕಾರ್ಖಾನೆಯವರೇ ಕ್ಲೋರಿನ್ ಹಾಕ್ತಾರಂತೆ. ನಾವು ಹಾಕಿದ್ರೆ ಯಾಕೆ ತಪ್ಪು?"

ಕೇಳಿದವರು ಓದಿಕೊಂಡೇ ಬಂದಿದ್ದರು. ಮಾತು ನಿಜ. ವಾಷಿಂಗ್ ಮೆಷಿನ್ನಿಗೆ ಹಾಕಬಹುದಾದ, ಕುಗ್ಗದ ಉಣ್ಣೆ ಮಾಡಲು ಕ್ಲೋರಿನ್ ಬಳಸುವ ಪದ್ಧತಿ ಇದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಪದರ ಇರುತ್ತದೆ. ಒಗೆಯುವಾಗ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಕಾರ್ಖಾನೆಯವರು ಕ್ಲೋರಿನ್ನಿನಿಂದ ಆ ಪೊರೆಯ ಅಂಚನ್ನು ಮಾತ್ರ ಸವೆಸುತ್ತಾರೆ. ಅದು ಆಮ್ಲದ ನೀರಿನಲ್ಲಿ, ಅಳತೆ ಮಾಡಿದ ಕ್ಲೋರಿನ್ನಿನಲ್ಲಿ, ತೀರಾ ಸ್ವಲ್ಪ ಹೊತ್ತು ನಡೆಯುವ ಕೆಲಸ. ಮುಗಿದ ತಕ್ಷಣ ಉಳಿದ ಕ್ಲೋರಿನ್ನನ್ನು ಸಲ್ಫೈಟ್ ಹಾಕಿ ಕೊಲ್ಲುತ್ತಾರೆ. ಬಕೆಟ್ಟಿನಲ್ಲಿ ಕ್ಷಾರದ ಬ್ಲೀಚ್ ಹಾಕಿದಾಗ ಹಾಗೆ ಮೇಲ್ಮೈಯಲ್ಲೇ ನಿಲ್ಲುವ ಯಾವ ಕಟ್ಟುಪಾಡೂ ಇರುವುದಿಲ್ಲ, ಒಳಗಿನ ತಿರುಳಿಗೂ ಇಳಿಯುತ್ತದೆ.

"ಶರ್ಟ್ ನೂರಕ್ಕೆ ನೂರು ಕಾಟನ್. ಬ್ಲೀಚ್ ಮಾಡಿದಾಗ ಬಿಳಿ ಇತ್ತು, ಇಸ್ತ್ರಿ ಮಾಡಿದ ಮೇಲೆ ಹಳದಿ ಆಯ್ತು. ಇದು ಹೇಗೆ?"

ಶರ್ಟ್ ಸುಕ್ಕಾಗದ ಕಾಟನ್ನಿನದ್ದೇ ಎಂದು ನೋಡಿ. ಸುಕ್ಕಾಗದಿರಲಿ ಎಂದು ಅಂಥ ಬಟ್ಟೆಗೆ ರಾಳದ ಲೇಪ ಕೊಟ್ಟಿರುತ್ತಾರೆ. ಹಲವು ರಾಳಗಳಲ್ಲಿ ಸಾರಜನಕ ಇರುತ್ತದೆ. ನೂಲಿನಲ್ಲಿ ಇಲ್ಲದ ಜಾಗವನ್ನು ಕ್ಲೋರಿನ್ ಲೇಪದಲ್ಲಿ ಹುಡುಕಿಕೊಂಡು ಕೂತಿದೆ. ಜಾಲಿಸಿದರೂ ಅದು ಹೋಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿ ತಗುಲಿದಾಗ ಅಲ್ಲಿಂದ ಬಿಟ್ಟು ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕಾಟನ್ನನ್ನು ಸುಡುತ್ತದೆ. ಹಳದಿಯಾದ ಭಾಗವನ್ನು ಎರಡು ಕೈಯಲ್ಲಿ ಎಳೆದು ನೋಡಿ, ಹೊಸ ಶರ್ಟಾದರೂ ಸುಲಭವಾಗಿ ಹರಿದರೆ ಕಾರಣ ಇದೇ. ಇನ್ನೂ ಇಸ್ತ್ರಿ ಮಾಡದ ಶರ್ಟಿದ್ದರೆ ಪೆರಾಕ್ಸೈಡ್ ಅಥವಾ ಹೈಪೋ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಜಾಲಿಸಿ, ಒಣಗಿಸಿ. ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿಟ್ಟು ಕಾಲರಿನ ಒಳಭಾಗದಲ್ಲಿ ಮೊದಲು ಪರೀಕ್ಷಿಸಿ. ಹಳದಿ ಬರದಿದ್ದರೆ ಉಳಿದ ಭಾಗಕ್ಕೆ ಹೋಗಿ.